ಪರಸ್ತಾನದ ಗಂಟು, ವಿಮಾನದ ಟಿಕೀಟು

ಹೊಲಕ್ಕೆ ಹೊರಟವರಿಗೆ ಒಂದು ಹೊತ್ತು, ಮದುವೆಗೆ ಹೊರಟವರಿಗೆ ಒಂದು ಹೊತ್ತು, ಬಾಣಂತನಕ್ಕೆ ಹೊರಟ ತಾಯಿಗೆ ಮಾತ್ರ ಹೊತ್ತೇ ಇರುವುದಿಲ್ಲ ಎನ್ನುತ್ತಾರೆ ಹಿರಿಯರು. ಕೂಸು ಕರೆದಾಗ ಹೋಗಬೇಕು. ಯಂಕಂಚಿಯ ಇಂದುಬಾಯಿಗೆ ಈ ಮಾತು ಗೊತ್ತಿರಲಿಲ್ಲವೆಂದಲ್ಲ. ಆದರೆ ಗೊತ್ತಿದ್ದ ಮಾತು ಎದೆಗೆ ಇಳಿಯಲು ಬೇರೆಯವರೊಬ್ಬರು ಬೇಕಾಗುತ್ತಾರೆ.

ಆಕೆಯ ಒಬ್ಬಳೇ ಮಗಳು ಭಾಗ್ಯಜ್ಯೋತಿ ದಿಲ್ಲಿಯ ದಂಡಿನ ಕ್ವಾರ್ಟರ್ಸಿನಲ್ಲಿದ್ದಳು. ಅಳಿಯ ಸಂಗಮೇಶ ಸೈನ್ಯದವ. ಗಡಿಗೆ ಹೋಗಿ ಎರಡು ತಿಂಗಳಾಗಿತ್ತು, ರಜೆ ಸಿಕ್ಕಿರಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ರೂಢಿ, ಆದರೆ ರಕ್ತದೊತ್ತಡ ಏರಿದೆ, ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು ಅಲ್ಲಿನ ಡಾಕ್ಟರು. ಮಗಳು ತವರಿಗೆ ಬರಲಾರಳು, ಹಾಗಾದರೆ ತವರೇ ಮಗಳ ಬಳಿ ಹೋಗಬೇಕು. ಸೊಲ್ಲಾಪುರದಿಂದ ಹೋಗುವ ರೈಲಿನಲ್ಲಿ ತಿಂಗಳೊಪ್ಪತ್ತು ಜಾಗವಿರಲಿಲ್ಲ. ಹೀಗಾಗಿ ಎತ್ತಿನ ಗಾಡಿ, ಬಸ್ಸು ಬಿಟ್ಟು ಬೇರೇನೂ ಏರದ ಇಂದುಬಾಯಿಗೆ ವಿಮಾನದ ಟಿಕೀಟು ಬಂತು.

ಟಿಕೀಟು ತೆಗೆಸಿದವನು ಗಂಡ ಖಂಡೆಪ್ಪ. ಸಿಂದಗಿಯ ಬಸ್ ನಿಲ್ದಾಣದ ಎದುರು ಒಂದು ಸಣ್ಣ ಅಂಗಡಿ. ಮುಂದೆ ಟೆಲಿಫೋನ್ ಬೂತು, ಒಳಗೆ ಒಂದು ಕಂಪ್ಯೂಟರು, ಹಿಂದೆ ಮನೆ. ಅದನ್ನು ನಡೆಸುತ್ತಿದ್ದವಳು ಫರಹತ, ಇಪ್ಪತ್ತಾರರ ಹುಡುಗಿ. ಬಸ್ಸು, ರೈಲು, ಈಚೆಗೆ ಎರಡು ವರ್ಷದಿಂದ ವಿಮಾನ, ಎಲ್ಲದರ ಟಿಕೀಟು ಅವಳಲ್ಲಿ. ಖಂಡೆಪ್ಪ ಟಿಕೀಟು ತೆಗೆದುಕೊಂಡು, ಅವಳು ಹೇಳಲು ಬಾಯಿ ತೆರೆಯುವಷ್ಟರಲ್ಲಿ, "ಬಸ್ ಹೋಗ್ತೈತಿ ಬೇ" ಎಂದು ಓಡಿದ್ದ. ಫರಹತ ಹಿಂದಿನಿಂದ ಕೂಗಿದ್ದಳು: "ಕಾಕಾರ, ಹೋಗಾಕಿನ್ನ ಕರಕೊಂಡ ಬರ್ರಿ! ನಿಮಗ ಹೇಳಿದ್ರ ಅರ್ಧ ದಾರ್‍ಯಾಗ ಚೆಲ್ಲಿ ಬರ್ತೀರಿ!"

ಹೀಗೆ ಮಂಗಳವಾರ ಗಂಡ ಹೆಂಡತಿ ಇಬ್ಬರೂ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಒಳಬಾಗಿಲಲ್ಲಿ ಫರಹತಳ ಅಜ್ಜಿ ಜೋಹರಾಬಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ನೋಡ್ರಿ ಕಾಕು," ಫರಹತ ಕಾಗದವನ್ನು ಬಿಚ್ಚಿಟ್ಟಳು. "ಇದ ನಿಮ್ಮ ಟಿಕೀಟು. ಇದರಾಗ ನಿಮ್ಮ ಹೆಸರೈತಿ. ನಿಮ್ಮ ಓಟಿನ ಗುರುತಿನ ಚೀಟಿ ಕೈಯಾಗ ಇರಬೇಕು. ಬಾಗಲದಾಗ ಪೊಲೀಸರು ಎರಡೂ ಕೂಡಿಸಿ ನೋಡ್ತಾರ."

"ಆಕಿಗಿ ಜ್ವರಾ ಬಂದ್ರ ನಾ ಹೋಗ್ತೇನಿ ತಗೋ," ಎಂದ ಖಂಡೆಪ್ಪ.

"ಬರಾಂಗಿಲ್ರಿ ಕಾಕಾರ. ಇದು ಬಸ್ಸಿನ ಸೀಟಲ್ಲ, ಕಿಡಕ್ಯಾಗಿಂದ ಟವಾಲ ಒಗದು ಮಾವನ ಜಾಗಾದಾಗ ಅಳಿಯ ಕೂಡಾಕ. ಟಿಕೀಟು ಯಾರ ಹೆಸರಿಲೆ ಐತಿ ಅವರ ಹೋಗಬೇಕು. ಹೆಸರು ಬದಲಿ ಆಗೂದಿಲ್ಲ."

"ಚೊಲೋ ಆತು," ಎಂದಳು ಇಂದುಬಾಯಿ. "ಬಾಣತನಕ್ಕ ಇವರು ಹೋದ್ರ ಕೂಸಿಗಿ ನೀರ ಎರೆಯೂದ ಬಿಟ್ಟು ಎತ್ತಿಗಿ ಮೈ ತೊಳದಂಗ ತೊಳೀತಾರ."

ಜೋಹರಾಬಿ ಮೊರದ ಮರೆಯಲ್ಲಿ ನಕ್ಕಳು. ಫರಹತ ಮುಂದುವರಿಸಿದಳು. ಈ ಟಿಕೀಟು ಅಗ್ಗದ ದರದ್ದು. ಮುಂಚೆ ತೆಗೆಸಿದ್ದಕ್ಕೆ ಅಗ್ಗ ಸಿಕ್ಕಿತು, ಅಗ್ಗ ಸಿಕ್ಕಿದ್ದಕ್ಕೆ ಕಟ್ಟಳೆ ಬಿಗಿ. ರದ್ದು ಮಾಡಿದರೆ ವಿಮಾನದವರು ರದ್ದತಿಯ ದಂಡವೆಂದು ಮುರಿದುಕೊಳ್ಳುತ್ತಾರೆ. ದರವೇ ಕಡಿಮೆಯಾದ್ದರಿಂದ ಮುರಿದ ಮೇಲೆ ಕೈಗೆ ಬರುವುದು ಅಷ್ಟಕ್ಕಷ್ಟೆ. ಅದನ್ನೂ ವಿಮಾನ ಹೊರಡುವ ಬಹಳ ಮುಂಚೆಯೇ ಹೇಳಬೇಕು.

"ಹೇಳದ ಸುಮ್ನ ಮನ್ಯಾಗ ಕುಂತ್ರ?" ಎಂದ ಖಂಡೆಪ್ಪ.

"ಆಗ ದರ ಎಲ್ಲಾ ಹೋತು ಅಂತ ತಿಳಕೋರಿ. ಹಿಂದ ಬರೂ ಗಾಡಿಗಿ ಕೂಡಸ್ತೀವಿ ಅನ್ನೂದು ಬಸ್ಸಿನಾಗ. ಇಲ್ಲಿ ಬಿಟ್ಟ ವಿಮಾನ ಬಿಟ್ಟಂಗ."

"ದಿನಾ ಮುಂದ ಹಾಕೂದಾದ್ರ?"

"ಹಾಕಬಹುದ್ರಿ. ಬದಲಾವಣಿ ದಂಡಾ ಬ್ಯಾರೆ, ಆ ದಿನದ ದರ ಎಷ್ಟ ಹೆಚ್ಚೈತಿ ಅಷ್ಟು ಬ್ಯಾರೆ. ಎರಡೂ ಕೊಡಬೇಕು. ಅದಕ್ಕ ಬರೂ ಟಿಕೀಟು ನಾ ತಗಸಲಿಲ್ಲ. ಬಾಣಂತಿ ಎದ್ದು ಎಂದ ಬರ್ತಾಳ ಅನ್ನೂದು ಯಾರಿಗಿ ಗೊತ್ತ? ಬರೂವಾಗ ಇಬ್ರೂ ರೈಲಿನಾಗ ಬರ್ರಿ, ಕೂಸಿನ ಜೋಡಿ ನಿದ್ದಿ ಹೊಡಕೋತ."

ಇಂದುಬಾಯಿಗೆ ಈ ಹುಡುಗಿಯ ಮೇಲೆ ಆಗಲೇ ಮನಸ್ಸು ಕೂತಿತು. ಮಾರುವವಳು ಇನ್ನೊಂದು ಟಿಕೀಟು ಬೇಡವೆನ್ನುವುದನ್ನು ಆಕೆ ಸಂತೆಯಲ್ಲಿ ಎಂದೂ ಕಂಡಿರಲಿಲ್ಲ.

"ಐತವಾರ ಮುಂಜಾನೆ ಹತ್ತಕ್ಕ ವಿಮಾನ," ಎಂದಳು ಫರಹತ. "ಹೈದರಾಬಾದಿನ ಬೇಗಂಪೇಟ ವಿಮಾನ ನಿಲ್ದಾಣಕ್ಕ ಎರಡ ತಾಸ ಮೊದಲ ಮುಟ್ಟಬೇಕು. ಚೀಲಾ ಕೊಡೂ ಕಟ್ಟಿ ವಿಮಾನ ಹೊಂಡೂಕಿಂತ ಮೊದಲ ಮುಚ್ಚತೈತಿ. ಮುಚ್ಚಿದ ಮ್ಯಾಲ ಅತ್ರೂ ತಗಿಯೂದಿಲ್ಲ. ಅದಕ್ಕ ಶನಿವಾರ ಸಂಜಿಕ ಇಲ್ಲಿಂದ ಹೈದರಾಬಾದಿನ ಬಸ್ ಹಿಡಿಬೇಕು."

ಇಂದುಬಾಯಿಯ ಕೈ ಸೆರಗಿನ ತುದಿಯಲ್ಲಿ ನಿಂತುಬಿಟ್ಟಿತು.

"ಶನಿವಾರ?" ಎಂದಳು.

"ಹೌದ್ರಿ."

"ಶನಿವಾರ ಮಣ್ಣೆತ್ತಿನ ಅಮಾಸಿ."

ಬೂತಿನೊಳಗೆ ಯಾರೋ ಫೋನಿನಲ್ಲಿ ಈರುಳ್ಳಿ ದರ ಕೇಳುತ್ತಿದ್ದರು. ಇಂದುಬಾಯಿ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಕ್ಯಾಲೆಂಡರ ನೋಡಿ ತಗಸೇನಿ ಅಂದಿದ್ರಿ."

"ನೋಡೇ ತಗಸೇನಿ! ಐತವಾರ ಪಾಡ್ಯ ಐತಿ. ವಿಮಾನ ಐತವಾರ."

"ವಿಮಾನ ಯಂಕಂಚಿಗಿ ಬಂದು ನಮ್ಮ ಹಿತ್ತಲದಾಗ ಇಳೀತೈತೇನ್ರಿ? ಹೊಸ್ತಲಾ ದಾಟೂದು ಎಂದ?"

ಖಂಡೆಪ್ಪ ತಲೆಯ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಆತ ವಿಮಾನದ ದಿನಕ್ಕೆ ತಿಥಿ ನೋಡಿದ್ದ, ಮನೆ ಬಿಡುವ ದಿನಕ್ಕೆ ನೋಡಿರಲಿಲ್ಲ. ಅಮಾವಾಸ್ಯೆ, ಅದೂ ಶನಿವಾರ. ಅಂಥ ದಿನ ಹೊಲದ ಎತ್ತನ್ನೂ ನೊಗಕ್ಕೆ ಹೂಡುವುದಿಲ್ಲ, ಮಣ್ಣಿನೆತ್ತು ಮಾಡಿ ಪೂಜಿಸಿ ಸುಮ್ಮನಿರುತ್ತಾರೆ. ಅಂಥ ದಿನ ಬಸುರಿಯ ಬಳಿಗೆ ಹೊರಡುವುದೆಂದರೆ?

"ಒಂದ ದಿನ ಮೊದಲ ಹೋಗೂಣು," ಎಂದ ಆತ.

"ಶುಕ್ರವಾರ ಚೌದಸಿ. ಅದು ಅಮಾಸಿಯ ಅಕ್ಕ. ಮತ್ತ ಹೈದರಾಬಾದಿನ್ಯಾಗ ಒಂದ ಹಗಲಾ ಒಂದ ರಾತ್ರಿ ಯಾರ ಮನ್ಯಾಗ ಇರ್ತೀರಿ?" ಇಂದುಬಾಯಿ ಫರಹತಳ ಕಡೆ ನೋಡಿದಳು. "ತಂಗಿ, ದಂಡಾ ಹೋದ್ರ ಹೋಗ್ಲಿ. ಬದಲಿ ಮಾಡು."

ಫರಹತ ಕಂಪ್ಯೂಟರಿನ ಮುಂದೆ ಕುಳಿತಳು. ಫೋನಿನ ತಂತಿಯಲ್ಲಿ ಇಂಟರ್ನೆಟ್ಟು ಕೀರಲು ದನಿ ಮಾಡುತ್ತ ಬಂತು. ಅವಳು ಸೋಮವಾರ ನೋಡಿದಳು, ಮಂಗಳವಾರ ನೋಡಿದಳು. ಮುಖ ಸಣ್ಣಗಾಯಿತು.

"ಕಾಕು, ಆ ಅಗ್ಗದ ಸೀಟೆಲ್ಲಾ ಮುಗದಾವು. ಆ ವಾರ ಪೂರ್ತಿ ದುಬಾರಿ. ಈಗ ಬದಲಿ ಮಾಡಿದ್ರ ದಂಡಾ, ಅದರ ಮ್ಯಾಲ ದರದ ಅಂತರ. ಎರಡೂ ಕೂಡಿದ್ರ ಇನ್ನೊಂದ ಟಿಕೀಟಿಗಿಂತ ಹೆಚ್ಚಾಗತೈತಿ. ಅಗ್ಗ ಇರೂದು ಮುಂದಿನ ಸೋಮವಾರದ ಮ್ಯಾಲಿನ ಸೋಮವಾರ. ಡಾಕ್ಟರು ಏನಂದಾರ?"

"ಅದರ ಹಿಂದಿನ ದಿನಾ, ಐತವಾರದೊಳಗ ಆಗತೈತಿ ಅಂದಾರ."

ಅಂದರೆ ಕೂಸು ಹುಟ್ಟಿದ ಮೇಲೆ ತಾಯಿ ಮುಟ್ಟಬೇಕು. ಅಷ್ಟು ದಿನ ಭಾಗ್ಯಜ್ಯೋತಿ ಗೊತ್ತಿಲ್ಲದ ಊರಿನ ಆಸ್ಪತ್ರೆಯಲ್ಲಿ, ಗೊತ್ತಿಲ್ಲದ ಭಾಷೆಯಲ್ಲಿ, "ಯವ್ವಾ" ಎಂದು ಯಾರನ್ನು ಕರೆಯಬೇಕು? ಇಂದುಬಾಯಿಯ ಕಣ್ಣು ತುಂಬಿದವು. ಒಂದು ಕಡೆ ತಿಥಿ, ಒಂದು ಕಡೆ ಮಗಳು. ಶಿವಾ, ಇಂಥ ತಕ್ಕಡಿಯಲ್ಲಿ ನನ್ನನ್ನು ಯಾಕೆ ಇಟ್ಟೆ ಎಂದು ಒಳಗೊಳಗೇ ಕೇಳಿಕೊಂಡಳು.

"ಇವತ್ತ ಏನೂ ಮಾಡಬ್ಯಾಡ್ರಿ," ಎಂದಳು ಫರಹತ. "ಒಮ್ಮಿ ಬದಲಿ ಮಾಡಿದ್ರ ಈ ಸೀಟು ಹಳೀ ದರಕ್ಕ ತಿರಗಿ ಸಿಗೂದಿಲ್ಲ. ನಾಳಿ ಬದಲಿ ಮಾಡಿದ್ರೂ ದಂಡಾ ಅಷ್ಟ. ಅವಸರ ಮಾಡಿದ್ರ ಮಾತ್ರ ಲುಕ್ಸಾನ."

ಆಗ ಒಳಬಾಗಿಲಿನಿಂದ ಮೊರ ಕೆಳಗಿಟ್ಟ ಸಪ್ಪಳ ಕೇಳಿತು.

"ಏ ಇಂದವ್ವ," ಎಂದಳು ಜೋಹರಾಬಿ. "ನಿಮ್ಮ ಮಂದಿ ಪರಸ್ತಾನ ಇಡೂದ ಬಿಟ್ಟಾರೇನ?"

ಇಂದುಬಾಯಿ ತಲೆಯೆತ್ತಿದಳು.

"ನಾ ಸಣ್ಣಾಕಿದ್ದಾಗ ನಮ್ಮ ಓಣ್ಯಾಗ ಗೌಡ್ರ ಮನಿಯಾಕಿ ಎಲ್ಲೆರ ದೂರ ಹೊಂಟ್ರ, ದಿನಾ ಕೆಟ್ಟಿತ್ತಂದ್ರ, ಮೊದಲ ಒಳ್ಳೆ ದಿನಾ ನೋಡಿ ಗಂಟು ಕಟ್ಟಿ ನಮ್ಮವ್ವನ ಮನ್ಯಾಗ ಇಟ್ಟ ಹೋಗತಿದ್ಲು. ಅಕ್ಕಿ, ಅರಿಷಿಣ ಕೊಂಬು, ಅಡಕಿ, ಒಂದು ಕುಬಸದ ಕಣ. ಗಂಟು ಹೊಂಟ್ರ ಮನಷ್ಯಾ ಹೊಂಟಂಗ. ಆಮ್ಯಾಲ ತಾ ಯಾವಾಗರೆ ಬಂದು ಗಂಟು ಎತಿಗೊಂಡು ಹೋಗತಿದ್ಲು. ನಮ್ಮವ್ವ ಅದನ್ನ ಮಾಡದಾಗ ಇಟ್ಟು ನಮ್ಮನ್ನ ಮುಟ್ಟಗೊಡತಿರಲಿಲ್ಲ."

"ಹೌದಲ್ಲ!" ಎಂದ ಖಂಡೆಪ್ಪ. ಆತನ ದನಿ ಒಮ್ಮೆಲೇ ಹತ್ತು ವರ್ಷ ಸಣ್ಣದಾಯಿತು. "ನಮ್ಮ ಆಯಿ ಶ್ರೀಶೈಲಕ್ಕ ಹೋಗೂವಾಗ ಇಟ್ಟಿದ್ಲು!"

"ನಿಮ್ಮ ಆಯೀಗಿ ನೆನಪಿತ್ತು, ನಿಮಗ ಕ್ಯಾಲೆಂಡರಾತು," ಎಂದಳು ಇಂದುಬಾಯಿ. ಆದರೆ ಅಳುವಿನ ನಡುವೆಯೇ ನಗು ಬಂದಿತ್ತು. "ಗುರುವಾರ ತೇರಸಿ. ಒಳ್ಳೆ ದಿನ. ಹೋಗೂ ದಿಕ್ಕಿನ್ಯಾಗ ಯಾರದರ ಮನಿ ಬೇಕಲ್ಲ, ಆಯಿ?"

"ಹೈದರಾಬಾದಿನ ಬಸ್ ಎಲ್ಲಿಂದ ಹೊಂಡತೈತಿ?"

"ಇಲ್ಲಿಂದ."

"ಮತ್ತ ಕೇಳ್ತಿಯಲ್ಲ?" ಜೋಹರಾಬಿ ಮತ್ತೆ ಮೊರ ಎತ್ತಿಕೊಂಡಳು.

ಫರಹತಳಿಗೆ ಈ ಪದ್ಧತಿ ಹೊಸದು. ಅಜ್ಜಿ ಹೇಳಿದ್ದನ್ನೆಲ್ಲ ಕೇಳಿ ಟಿಕೀಟನ್ನು ಮಡಚಿ ಇಂದುಬಾಯಿಯ ಕೈಗಿಟ್ಟಳು. "ನನಗ ಇಷ್ಟ ಗೊತ್ತು ಕಾಕು," ಎಂದಳು. "ವಿಮಾನದವರು ನೀವು ಎಷ್ಟೊತ್ತಿಗಿ ಬಂದ್ರಿ ಅಂತ ಕೇಳ್ತಾರ. ಮನಿ ಎಂದ ಬಿಟ್ರಿ ಅಂತ ಕೇಳೂದಿಲ್ಲ. ಅದು ನಿಮಗ, ನಿಮ್ಮ ದೇವರಿಗಿ ಬಿಟ್ಟಿದ್ದು."

*

ಗುರುವಾರ ಮುಂಜಾನೆ ಇಂದುಬಾಯಿ ಮಿಂದು, ಹಣೆಗೆ ವಿಭೂತಿ ಹಚ್ಚಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು. ಮನೆದೇವರ ಮುಂದಿಟ್ಟು ನಮಸ್ಕರಿಸಿ, ಹೊಸ್ತಿಲು ದಾಟುವಾಗ ಹಿಂದೆ ನೋಡಲಿಲ್ಲ. ಸಿಂದಗಿಯಲ್ಲಿ ಜೋಹರಾಬಿ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗೋಡೆಯ ಮಾಡದಲ್ಲಿ ತನ್ನ ಕುರಾನಿನ ಕೆಳಗಿನ ಸಾಲಿನಲ್ಲಿ ಇಟ್ಟಳು. ಅಲ್ಲಿಗೆ ಇಂದುಬಾಯಿ ದಿಲ್ಲಿಗೆ ಹೊರಟಂತಾಯಿತು.

ಅಂದು ಮಧ್ಯಾಹ್ನ ಮನೆಗೆ ಬಂದು ರೊಟ್ಟಿ ಬಡಿಯಲು ಕುಳಿತಾಗ ಖಂಡೆಪ್ಪ ಬಾಗಿಲಲ್ಲಿ ನಿಂತು, "ಇದೇನಿದು, ದಿಲ್ಲಿಗಿ ಹೋದಾಕಿ ಇಲ್ಲಿ ರೊಟ್ಟಿ ಬಡ್ಯಾಕತ್ತಾಳ!" ಎಂದ.

"ನಾ ಊರಾಗಿಲ್ಲ. ಯಾರೋ ಪರ ಊರಾಕಿ ಬಡ್ಯಾಕತ್ತಾಳ. ಸುಮ್ನ ಉಣ್ರಿ," ಎಂದಳು ಆಕೆ.

ನೆರೆಯ ಹನಮವ್ವ ಒಂದು ಕೌದಿ ಹೊತ್ತು ತಂದಳು. ಹಳೆಯ ಸೀರೆ ಪದರು ಪದರಾಗಿ ಹೊಲಿದದ್ದು, ಕೂಸಿನ ತೊಟ್ಟಿಲಿಗೆ. ಅದರ ಜೊತೆಗೆ ಜೋಳದ ಹಿಟ್ಟು, ಅಳವಿ ಬೀಜ, ಬೆಲ್ಲ, ತುಪ್ಪದ ಡಬ್ಬಿ, ಒಣ ಕೊಬ್ಬರಿಯ ಗಿಟುಕು, ಉಂಡೆಗೆ ಹಾಕುವ ಅಂಟು. ಬಾಣಂತಿಗೆ ಏನೇನು ಬೇಕೋ ಅದೆಲ್ಲ. ಚೀಲ ಗೋಣಿಯಾಯಿತು.

ಶನಿವಾರ ಮಧ್ಯಾಹ್ನ ಮಣ್ಣೆತ್ತಿಗೆ ಹೋಳಿಗೆ ಎಡೆ ಇಟ್ಟು, ಇಬ್ಬರೂ ಸಿಂದಗಿಗೆ ಬಂದರು. ಫರಹತ ಗೋಣಿ ನೋಡಿದವಳೇ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯತ್ತ ಕೈ ಮಾಡಿದಳು.

"ಇಪ್ಪತ್ತಾರ ಕಿಲೋ!" ಎಂದ ಅಂಗಡಿಯವ.

"ಕಾಕು, ಒಳಗ ಕೊಡೂ ಚೀಲಕ್ಕ ಹದಿನೈದ ಕಿಲೋ ಪುಕ್ಕಟೆ. ಕೈಯಾಗ ಹಿಡಕೊಳ್ಳೂದು ಏಳು. ಅದರ ಮ್ಯಾಲ ಕಿಲೋಕ್ಕ ಇಷ್ಟು ಅಂತ ಕೊಡಬೇಕು. ಕೊಟ್ಟ ರೊಕ್ಕಕ್ಕ ದಿಲ್ಲ್ಯಾಗ ಎರಡ ಪಟ್ಟು ಬೆಲ್ಲ ಬರ್ತೈತಿ."

ಬಸ್ ನಿಲ್ದಾಣದ ಎದುರಿಗೇ ಗೋಣಿ ಬಿಚ್ಚಿತು. ಬೆಲ್ಲ ಹೊರಬಂತು. ಹಿಟ್ಟು ಅರ್ಧಕ್ಕಿಂತ ಕಡಿಮೆಯಾಯಿತು. ಗಿಟುಕು ಕಂಡಾಗ ಫರಹತ ತಲೆಯಾಡಿಸಿದಳು. "ಒಣ ಕೊಬ್ಬರಿ ವಿಮಾನದಾಗ ಒಯ್ಯಗೊಡೂದಿಲ್ಲ. ಎಣ್ಣಿ ಅಂಶ ಇರ್ತೈತಿ, ಉರಿ ಹತ್ತೂ ಮಾಲು ಅಂತಾರ."

"ಕೊಬ್ಬರಿ ಇಲ್ಲದ ಅಂಟಿನುಂಡಿ ಹ್ಯಾಂಗ?"

"ದಿಲ್ಲ್ಯಾಗೂ ಕೊಬ್ಬರಿ ಸಿಗತೈತ್ರಿ. ಅಲ್ಲಿ ಮಗಳ ಒಲಿ ಮ್ಯಾಲ ಉಂಡಿ ಕಟ್ರಿ. ಅಂಟು ಮಾತ್ರ ಇಲ್ಲಿಂದ್ಲೆ ಒಯ್ರಿ. ತುಪ್ಪಾ ಗಟ್ಟಿ ಮುಚ್ಚಿ ದೊಡ್ಡ ಚೀಲಕ್ಕ ಹಾಕ್ರಿ. ನಿಮ್ಮ ಎಲಿ ಚೀಲದಾಗ ಅಡಕೊತ್ತು ಐತೇನ್ರಿ?"

ಇಂದುಬಾಯಿ ಸೊಂಟದ ಸಂಚಿ ಮುಟ್ಟಿಕೊಂಡಳು.

"ಅದೂ ದೊಡ್ಡ ಚೀಲಕ್ಕ. ಕೈಯಾಗಿದ್ರ ಕಸಗೋತಾರ. ಹರಿತಾದ್ದೇನೂ ಕೈಯಾಗ ಇರಬಾರದು."

"ಕೂಸಿಗಿ ದೃಷ್ಟಿ ಆಗಬಾರದಂತ ತೊಟ್ಟಲ ಕೆಳಗ ಇಡಾಕ ಕುಡಗೋಲು ತಂದೇನಿ..."

"ಯಾ ಅಲ್ಲಾ! ಅದಂತೂ ಚೀಲದ ತಳಾ ಸೇರ್ಲಿ, ಅರಿವ್ಯಾಗ ಸುತ್ತಿ!"

ಖಂಡೆಪ್ಪ ನಕ್ಕು ನಕ್ಕು ಬೆಂಚಿನ ಮೇಲೆ ಕುಳಿತುಬಿಟ್ಟ. ಇಂದುಬಾಯಿ ಕೌದಿಯನ್ನು ಎದೆಗೊತ್ತಿಕೊಂಡಳು. "ಇದನ್ನ ಬಿಡೂದಿಲ್ಲ. ಬೇಕಾದ್ರ ಹೊತ್ತಗೊಂಡು ಕೂಡತೇನಿ." ಬಿಡಬೇಕಾಗಲಿಲ್ಲ. ಕೌದಿ ಕೈಚೀಲಕ್ಕೆ ಹೋಯಿತು. ಮತ್ತೆ ತೂಗಿದಾಗ ದೊಡ್ಡ ಚೀಲ ಹದಿನಾಲ್ಕೂವರೆ. ಕಿರಾಣಿಯವನ ತಕ್ಕಡಿಗೂ ವಿಮಾನದ ತಕ್ಕಡಿಗೂ ಚೂರು ಹೆಚ್ಚು ಕಡಿಮೆ ಇರಲೆಂದು ಫರಹತ ಆ ಅರ್ಧ ಕಿಲೋ ಹಾಗೇ ಬಿಟ್ಟಳು.

ಬಸ್ಸು ಬಂದಾಗ ಜೋಹರಾಬಿ ಒಳಗೆ ಹೋಗಿ ಮಾಡದಿಂದ ಗಂಟು ತಂದಳು. ಇಂದುಬಾಯಿಯ ತಲೆಯ ಮೇಲೆ ಕೈಯಿಟ್ಟು ತನ್ನ ಭಾಷೆಯಲ್ಲಿ ಏನೋ ಹರಸಿದಳು. ಇಂದುಬಾಯಿ ಗಂಟನ್ನು ಕಣ್ಣಿಗೊತ್ತಿಕೊಂಡಳು. ಅಮಾವಾಸ್ಯೆಯ ಸಂಜೆ ಹೊರಗೆ ಕಪ್ಪಾಗುತ್ತಿತ್ತು, ಆದರೆ ಆಕೆಗೆ ಅದು ಗುರುವಾರದ ಬೆಳಗಿನಂತೆಯೇ ಕಂಡಿತು.

*

ಬೇಗಂಪೇಟದಲ್ಲಿ ಖಂಡೆಪ್ಪನನ್ನು ಬಾಗಿಲಲ್ಲೇ ನಿಲ್ಲಿಸಿದರು. ಟಿಕೀಟು, ಗುರುತಿನ ಚೀಟಿ ತೋರಿಸಿ ಇಂದುಬಾಯಿ ಒಬ್ಬಳೇ ಒಳಹೋದಳು. ಚೀಲ ತೂಗುವ ಹುಡುಗಿ ಏನೂ ಕೇಳದೆ ಪಟ್ಟಿ ಕಟ್ಟಿ ಕಳಿಸಿದಳು. ತಪಾಸಣೆಯ ಪೊಲೀಸಿನವಳು ಮಾತ್ರ ಬಿಳಿ ಗಂಟು ಬಿಚ್ಚಿಸಿದಳು. ಅಕ್ಕಿ, ಅರಿಶಿನ, ಅಡಿಕೆ, ಕುಪ್ಪಸದ ಬಟ್ಟೆ. ಆಕೆ ಇಂದುಬಾಯಿಯ ಮುಖ ನೋಡಿದಳು, ಇಂದುಬಾಯಿ ಕೈಯಿಂದ ತೊಟ್ಟಿಲು ತೂಗಿ ತೋರಿಸಿದಳು. ಪೊಲೀಸಿನವಳು ನಕ್ಕು, ತಾನೇ ಗಂಟು ಕಟ್ಟಿಕೊಟ್ಟಳು. ಯಾವ ಊರವಳೋ, ಆದರೆ ಗಂಟು ಕಟ್ಟುವ ಕೈ ತಾಯಿಯದೇ.

ವಿಮಾನ ಮೇಲೇರಿದಾಗ ಇಂದುಬಾಯಿ ಕಣ್ಣು ಮುಚ್ಚಿ ಶಿವನ ಹೆಸರು ಹೇಳುತ್ತಿದ್ದಳು. ತೆರೆದಾಗ ಕೆಳಗೆ ಮೋಡ. ಬಿಡಿಸಿ ಒಣಹಾಕಿದ ಹತ್ತಿಯಂತೆ, ಕೊನೆಯಿಲ್ಲದ ಅಂಗಳದ ತುಂಬ. ಇಷ್ಟು ಎತ್ತರಕ್ಕೆ ನನ್ನನ್ನು ಎತ್ತಿದವನೇ, ನನ್ನ ಮಗಳನ್ನೂ ಎತ್ತಿ ದಾಟಿಸು ಎಂದಳು.

ದಾಟಿಸಿದ. ಮಂಗಳವಾರ ಬೆಳಗಿನ ಜಾವ, ಡಾಕ್ಟರು ಹೇಳಿದ್ದಕ್ಕಿಂತ ಐದು ದಿನ ಮುಂಚೆ, ಭಾಗ್ಯಜ್ಯೋತಿಗೆ ನೋವು ಬಂತು. "ಯವ್ವಾ" ಎಂದಳು. ಕೈ ಚಾಚಿದಲ್ಲಿ ತಾಯಿಯ ಕೈಯಿತ್ತು. ಹೆಣ್ಣು ಕೂಸು. ತಾಯಿ ಕೂಸು ಇಬ್ಬರೂ ಸುಖ.

ಆ ಮಧ್ಯಾಹ್ನವೇ ಸಿಂದಗಿಯ ಬೂತಿಗೆ ಫೋನು ಬಂತು. ಖಂಡೆಪ್ಪನಿಗೆ ಸುದ್ದಿ ಮುಟ್ಟುವ ಮುಂಚೆ ಅದನ್ನು ಕೇಳಿದವಳು ಫರಹತ.

ಮೂರು ತಿಂಗಳು ತುಂಬಿದ ಮೇಲೆ ತಾಯಿ ಮಗಳು ರೈಲಿನಲ್ಲಿ ಸೊಲ್ಲಾಪುರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಸಿಂದಗಿಗೆ ಇಳಿದರು. ಖಂಡೆಪ್ಪ ಟಂಟಂ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮನೆಯಲ್ಲಿ ಆರತಿ ತಟ್ಟೆ ಹಿಡಿದು ಹನಮವ್ವ ನಿಂತಿದ್ದಾಳೆ, ಬೇಗ ಹತ್ತಿ ಎಂದ. ಇಂದುಬಾಯಿ ಕೂಸನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ಟಂಟಂ ದಾಟಿ ನಡೆದಳು.

"ಎಲ್ಲಿ ಹೊಂಟಿ? ಮನಿ ಈ ಕಡೆ!"

"ನಾ ಹೊಂಟಿದ್ದು ಎಲ್ಲಿಂದ?" ಎಂದಳು ಆಕೆ, ತಿರುಗದೆ. "ಅಲ್ಲಿಗಿ ಮೊದಲ ಮುಟ್ಟಬೇಕಲ್ಲ."

ಜೋಹರಾಬಿ ಒಳಬಾಗಿಲಲ್ಲೇ ಕುಳಿತಿದ್ದಳು. ಇಂದುಬಾಯಿ ಬಗ್ಗಿ, ಕೂಸನ್ನು ಆಕೆಯ ಮಡಿಲಲ್ಲಿ ಇಟ್ಟಳು. ಗಂಟು ಕಟ್ಟಿದ್ದ ಬಿಳಿ ಅರಿವೆಯನ್ನು, ಒಗೆದು ಮಡಿಸಿ ತಂದದ್ದನ್ನು, ಪಕ್ಕದಲ್ಲಿ ಇಟ್ಟಳು. ಅಂಟಿನುಂಡಿಯ ಡಬ್ಬಿ ಫರಹತಳ ಕೈಗೆ ಬಂತು. ಫರಹತ ಡಬ್ಬಿಯನ್ನು ಕೈಯಲ್ಲೇ ತೂಗಿ, "ಕಾಕು, ಇದು ಎರಡ ಕಿಲೋದ ಮ್ಯಾಲೈತಿ," ಎಂದಳು. ಕಣ್ಣೊರೆಸಿಕೊಂಡಳು.

ಜೋಹರಾಬಿ ಕೂಸಿನ ಮುಷ್ಟಿಯನ್ನು ತನ್ನ ಬೆರಳಿಂದ ಬಿಡಿಸಿ ನೋಡಿದಳು.

"ನೀ ಆ ಗಂಟಿನಾಗ ಕುಂತು ನನ್ನ ಮಾಡದಾಗ ಮೂರ ದಿನ ಇದ್ದಿ," ಎಂದಳು ಅದಕ್ಕೆ. "ಗೊತ್ತೈತೇನ?"

ಕೂಸು ಆ ಬೆರಳನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಹೊರಗೆ ಖಂಡೆಪ್ಪ ಟಂಟಂನವನಿಗೆ, ಗಾಡಿ ಬಂದ್ ಮಾಡು, ಇನ್ನೂ ತಡ ಐತಿ ಎಂದ.